ಸಹಾಯ ಬೇಕು: ಎರಕದ ನಂತರ ಉಂಗುರದ ಅಳತೆ ಕಮ್ಮಿ, ಹರಳು ಕೂರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. 5 ಮಿ.ಮೀ. ದುಂಡು ಹರಳಿಗೆ ನಾಲ್ಕು ಪ್ರಾಂಗ್‌ಗಳ ಉಂಗುರವೊಂದನ್ನು ಬ್ಲೆಂಡರ್‌ನಲ್ಲಿ ಮಾಡಿದ್ದೇನೆ. ಬೆರಳಿನ ಸುತ್ತಳತೆ 54.4 ಮಿ.ಮೀ., ಅಂದರೆ ಒಳವ್ಯಾಸ 17.3. ಮಾಡೆಲ್‌ನಲ್ಲೂ ಅಷ್ಟೇ ಇಟ್ಟೆ. ಮೇಣದಂಥ ರೆಸಿನ್‌ನಲ್ಲಿ ಪ್ರಿಂಟ್ ಮಾಡಿದಾಗ ಸರಿಯಾಗೇ ಇತ್ತು. ಬೆಳ್ಳಿಯಲ್ಲಿ ಎರಕ ಹೊಯ್ದು ಅಳೆದರೆ 17.0!

ಲೋಹ ಆರುವಾಗ ಕುಗ್ಗುತ್ತದೆ ಅನ್ನುವುದು ಗೊತ್ತಿತ್ತು, ಆದರೂ ಸೋಮಾರಿತನ. ಈಗ ಲೆಕ್ಕ ಹಾಕಿದರೆ 17.3 ಭಾಗಿಸು 17.0, ಅಂದರೆ ಸುಮಾರು 1.018. ಇಡೀ ಮಾಡೆಲನ್ನೇ ಅಷ್ಟು ಹಿಗ್ಗಿಸಿದರೆ ಒಳವ್ಯಾಸ 17.6 ಆಗುತ್ತದೆ. ಆದರೆ ಈ ಅಳತೆ ಪಾಲಿಶ್‌ಗೆ ಮುಂಚಿನದು. ಒಳಗೆ ಉಜ್ಜಿದರೆ ರಂಧ್ರ ಮತ್ತೆ ದೊಡ್ಡದಾಗುತ್ತದಲ್ಲ? ಹಾಗಾಗಿ ಸ್ವಲ್ಪ ಕಮ್ಮಿಯೇ ಹಿಗ್ಗಿಸಬೇಕೇನೋ. ನೀವು ಎಷ್ಟು ಬಿಡುತ್ತೀರಿ?

ನಿಜವಾದ ತಲೆನೋವು ಪ್ರಾಂಗ್‌ಗಳದ್ದು. 0.7 ಮಿ.ಮೀ. ದಪ್ಪ ಇಟ್ಟಿದ್ದೆ, ಉಜ್ಜಿದ ಮೇಲೆ ಒಂದು ಬಾಗಿಯೇ ಹೋಯಿತು. ಹಿಗ್ಗಿಸಿದರೂ ಅದು 0.71 ಆಗುತ್ತದೆ ಅಷ್ಟೇ, ಪಾಲಿಶ್ ತಿನ್ನುವುದನ್ನು ತುಂಬಿಕೊಡುವುದಿಲ್ಲ. ಅದಕ್ಕೆ ಪ್ರಾಂಗ್‌ಗಳನ್ನು ಮಾತ್ರ ಬೇರೆಯಾಗಿ 1.0ಕ್ಕೆ ದಪ್ಪ ಮಾಡೋಣ ಎಂದುಕೊಂಡಿದ್ದೇನೆ. ಸಾಕಾ?

ಇನ್ನೊಂದು: ಹರಳು ಕೂರುವ ಗುಳಿಯನ್ನು ಮಾಡೆಲ್‌ನಲ್ಲೇ ಸರಿಯಾಗಿ 5.0ಕ್ಕೆ ಕೊರೆದಿದ್ದೆ. ಎರಕದಲ್ಲಿ ಅದು ಕುಗ್ಗಿ, ಒರಟಾಗಿ, ಹರಳು ಓರೆಯಾಗಿ ಮೇಲೆಯೇ ನಿಲ್ಲುತ್ತಿದೆ. ಮುಂದಿನ ಸಲ ಬರೀ ಗುರುತಿನಷ್ಟು ಆಳ ಬಿಟ್ಟು, ಎರಕದ ನಂತರ ಬರ್ ಹಾಕಿ ಕೊರೆಯುವುದು ಮೇಲಾ? ಕೈಯಲ್ಲಿ ಹರಳು ಕೂರಿಸುವವರು ದಯವಿಟ್ಟು ಹೇಳಿ. ಅಡ್ಡಕೊಯ್ತದ ಚಿತ್ರ ಬೇಕಿದ್ದರೆ ಹಾಕುತ್ತೇನೆ.