ಒಂದೇ ಫಂಡ್, ಒಂದೇ ತಿಂಗಳು ಶುರು: ಅಣ್ಣನಿಗೆ ಲಾಭ, ತಮ್ಮನಿಗೆ ನಷ್ಟ ಹೇಗೆ?

ರೇಖಾ: ನಮ್ಮ ದೊಡ್ಡಪ್ಪನ ಮಗ ಮತ್ತು ನನ್ನ ತಮ್ಮ ಮೂರು ವರ್ಷದ ಹಿಂದೆ ಒಂದೇ ಇಂಡೆಕ್ಸ್ ಫಂಡಿಗೆ, ಒಂದೇ ತಿಂಗಳು, ಒಂದೇ ಮೊತ್ತದ ಕಂತು ಶುರು ಮಾಡಿದರು. ಅಣ್ಣ ಲಾಭದಲ್ಲಿದ್ದಾನೆ. ತಮ್ಮನ ದುಡ್ಡು ಹತ್ತಿರ ಹತ್ತಿರ ಅರ್ಧ ಹೋಗಿದೆ. ಫಂಡಿನವರು ಮೋಸ ಮಾಡಿದ್ದಾರಾ ಸರ್?

ಶ್ರೀನಾಥ್ (ಹೂಡಿಕೆ ಸಲಹೆಗಾರ): ಮೋಸ ಇರಲಾರದು. ಇಂಡೆಕ್ಸ್ ಫಂಡ್ ಸೂಚ್ಯಂಕದ ಪಟ್ಟಿಯಲ್ಲಿರುವ ಕಂಪನಿಗಳ ಷೇರು ಕೊಂಡಿಟ್ಟುಕೊಳ್ಳುತ್ತದೆ, ಅಷ್ಟೇ. ನಿಮ್ಮ ತಮ್ಮ ಕಂತಿನ ಜೊತೆ ಬೇರೆ ದುಡ್ಡು ಹಾಕಿದ್ದಾರಾ? ಮಧ್ಯೆ ಮಾರಿದ್ದಾರಾ? ಸ್ಟೇಟ್‌ಮೆಂಟ್ ನೋಡಿ, ತಾರೀಖು ಮತ್ತು ಮೊತ್ತ ಬರೆಯಿರಿ.

ಮಂಜು: ಸರ್, ಈಗ ಕೊಳ್ಳಬಹುದಾ, ಇಳಿಯೋವರೆಗೆ ಕಾಯಬೇಕಾ?

ಶ್ರೀನಾಥ್: ಆ ದುಡ್ಡು ಯಾವಾಗ ಬೇಕು ಅನ್ನುವುದರ ಮೇಲೆ ಹೋಗುತ್ತದೆ. ಮಾರುಕಟ್ಟೆ ನಾಳೆ ಎಲ್ಲಿರುತ್ತದೆ ಅಂತ ನನಗೆ ಗೊತ್ತಿಲ್ಲ.

ರೇಖಾ: ಕೇಳಿದೆ ಸರ್. ಕಂತು ತಿಂಗಳಿಗೆ 1,000. ಬೆಲೆ ತುಂಬಾ ಏರಿದ್ದಾಗ ತಮ್ಮ ಬ್ಯಾಂಕಿನಲ್ಲಿದ್ದ 30,000 ಒಂದೇ ಸಲ ಹಾಕಿದನಂತೆ. ಇಳಿಯೋಕೆ ಶುರುವಾದಾಗ ಕಂತು ನಿಲ್ಲಿಸಿದ. ಕೆಲಸದ ಕಡೆ ಜನ ಕಡಿಮೆ ಮಾಡುತ್ತಾರೆ ಅಂತ ಸುದ್ದಿ ಬಂತು, ಎಲ್ಲ ಮಾರಿಬಿಟ್ಟ. ಕೆಲಸ ಏನೂ ಹೋಗಲಿಲ್ಲ. ಹೋದ ವಾರ ಅಷ್ಟನ್ನೂ ಮತ್ತೆ ಅದೇ ಫಂಡಿಗೆ ಹಾಕಿದ್ದಾನೆ.

ಗಿರೀಶ್: ಮಾರಿದ್ದೇ ತಪ್ಪು, ಅಷ್ಟೇ. ಇಂಡೆಕ್ಸ್ ಯಾವತ್ತಿದ್ದರೂ ವಾಪಸ್ ಬಂದೇ ಬರುತ್ತದೆ. ಧೈರ್ಯ ಇದ್ದವನು ಗೆಲ್ಲುತ್ತಾನೆ.

ಶ್ರೀನಾಥ್: ರೇಖಾ ಅವರೇ, ಇದು ಸ್ವಲ್ಪ ಉದ್ದ ಆಗುತ್ತದೆ, ಕೂತು ಓದಿ. ಲೆಕ್ಕ ಸುಲಭವಾಗಲಿ ಅಂತ ಆರಾರು ತಿಂಗಳ ಕಂತನ್ನು ಒಟ್ಟು ಮಾಡಿ 6,000 ಅಂತ ಹಿಡಿದಿದ್ದೇನೆ, ಬೆಲೆಯನ್ನೂ ದುಂಡು ಮಾಡಿದ್ದೇನೆ. ಫಂಡಿನ ಒಂದು ಪಾಲು, ಅಂದರೆ ಒಂದು ಯೂನಿಟ್ಟಿನ ಬೆಲೆ 100ರಲ್ಲಿ ಶುರುವಾಗಿ 120, 150ಕ್ಕೆ ಏರಿತು ಅಂದುಕೊಳ್ಳಿ. ಅದು ಗೂಳಿಯ ಕಾಲ. ಆಮೇಲೆ 100, 75ಕ್ಕೆ ಬಿತ್ತು. ಅದು ಕರಡಿಯ ಕಾಲ. ಮತ್ತೆ 100ಕ್ಕೆ ಬಂದು, ಈಗ 120.

ಅಣ್ಣ ಆರು ಸಲವೂ 6,000 ಹಾಕಿದ. ಸಿಕ್ಕ ಯೂನಿಟ್ಟುಗಳು 60, 50, 40, 60, 80, 60. ಒಟ್ಟು 350. ಹಾಕಿದ್ದು 36,000, ಇಂದಿನ ಬೆಲೆ 42,000. ಮನೆಯವರೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿದ್ದ 75ರ ಬೆಲೆಯಲ್ಲೇ ಅವನಿಗೆ ಎಲ್ಲಕ್ಕಿಂತ ಜಾಸ್ತಿ ಯೂನಿಟ್ ಸಿಕ್ಕಿದ್ದು.

ತಮ್ಮನಿಗೆ ಮೊದಲ ಮೂರು ಕಂತಿನಲ್ಲಿ 150 ಯೂನಿಟ್ ಬಂತು. 150ರ ಬೆಲೆಯಲ್ಲಿ 30,000 ಹಾಕಿದಾಗ ಇನ್ನೂ 200. ಅವನ ಹತ್ತಿರವೂ 350 ಯೂನಿಟ್! ಆದರೆ ಅಣ್ಣನಿಗೆ ಒಂದು ಯೂನಿಟ್ ಸರಾಸರಿ 103ಕ್ಕೆ ಬಿದ್ದರೆ, ತಮ್ಮನಿಗೆ 137ಕ್ಕೆ ಬಿತ್ತು. 48,000 ಹಾಕಿ, 75ಕ್ಕೆ ಮಾರಿ, 26,250 ಕೈಗೆ ತೆಗೆದುಕೊಂಡ. ನಷ್ಟ 21,750. ಬೆಲೆ 120 ಆದ ಮೇಲೆ ವಾಪಸ್ ಬಂದದ್ದರಿಂದ ಅವನ ಹತ್ತಿರ ಈಗ ಇರುವುದು ಸುಮಾರು 219 ಯೂನಿಟ್.

ಗಿರೀಶ್ ಅವರು ಮಾರಿದ್ದೇ ತಪ್ಪು ಅಂದರು. ಅರ್ಧ ಸರಿ. ಮಾರದೆ ಹಿಡಿದುಕೊಂಡಿದ್ದರೂ 48,000ಕ್ಕೆ ಇಂದು 42,000. ಇನ್ನೊಂದು ದಾರಿ ನೋಡಿ. ಆ 30,000 ಹಾಕದೆ, ಹೆದರಿ ಕಂತನ್ನೂ ನಿಲ್ಲಿಸಿ, 150 ಯೂನಿಟ್ ಇಟ್ಟುಕೊಂಡು ಸುಮ್ನೆ ಕೂತಿದ್ದರೆ? ಹಾಕಿದ್ದು 18,000, ಇಂದಿನ ಬೆಲೆ 18,000. ನಷ್ಟ ಸೊನ್ನೆ. ಅಂದರೆ ತಮ್ಮನಿಗೆ ಪೆಟ್ಟು ಬಿದ್ದದ್ದು ಕರಡಿ ಕಾಲದಲ್ಲಿ ಅಂತ ಕಂಡರೂ, ಅದಕ್ಕೆ ದಾರಿ ಆದದ್ದು ಎಲ್ಲರೂ ಖುಷಿಯಾಗಿದ್ದ ಗೂಳಿ ಕಾಲದಲ್ಲಿ. ಆತಂಕದ ಸ್ವಭಾವ ಏರುವಾಗ ಆತಂಕದ ಹಾಗೆ ಕಾಣುವುದಿಲ್ಲ. ಎಲ್ಲರಿಗೂ ಸಿಗುತ್ತಿದೆ, ನನಗೆ ಮಾತ್ರ ತಪ್ಪಿಹೋಗುತ್ತಿದೆ ಅನ್ನುವ ಚಡಪಡಿಕೆ ಅದು. ಅದೇ ಮನಸ್ಸು ಇಳಿಯುವಾಗ ಓಡಿಹೋಗು ಅನ್ನುತ್ತದೆ.

ಒಂದು ಕೇಳಬೇಕು. ಆ 30,000 ಯಾವ ದುಡ್ಡು?

ಪ್ರಕಾಶ್: *ಫಾರ್ವರ್ಡ್ ಆಗಿ ಬಂದದ್ದು:* ಕರಡಿ ಮಾರುಕಟ್ಟೆ ಬಂದರೆ ಹೆದರಬೇಡಿ! ಪ್ರತಿ 10% ಇಳಿತಕ್ಕೂ ಹಾಕುವ ಮೊತ್ತ ದುಪ್ಪಟ್ಟು ಮಾಡಿ. ದುಡ್ಡಿಲ್ಲದಿದ್ದರೆ ಪರ್ಸನಲ್ ಲೋನ್ ತೆಗೆಯಿರಿ. ನಷ್ಟ ಆಗಲು ಸಾಧ್ಯವೇ ಇಲ್ಲ! 10 ಜನಕ್ಕೆ ಕಳಿಸಿ.

ಶ್ರೀನಾಥ್: ದಯವಿಟ್ಟು ಇದನ್ನು ಯಾರಿಗೂ ಕಳಿಸಬೇಡಿ. 1ರಿಂದ ಶುರು ಮಾಡಿ ದುಪ್ಪಟ್ಟು ಮಾಡುತ್ತಾ ಹೋದರೆ ಆರನೇ ಸಲ 32 ಹಾಕಬೇಕು, ಅಷ್ಟರಲ್ಲಿ ಒಟ್ಟು 63 ಹೋಗಿರುತ್ತದೆ. ಸಾಲದ ಕಂತು ಮುಂದಿನ ತಿಂಗಳೇ ಕಟ್ಟಬೇಕು, ಮಾರುಕಟ್ಟೆ ಮೇಲೇಳಲು ವರ್ಷಗಳೇ ಬೇಕಾಗಬಹುದು.

ಪ್ರಕಾಶ್: ಸುಮ್ನೆ ಶೇರ್ ಮಾಡಿದೆ ಸರ್. ನೀವೇ ಅಲ್ವಾ ಇಳಿದಾಗ ಅಣ್ಣನಿಗೆ ಜಾಸ್ತಿ ಯೂನಿಟ್ ಸಿಕ್ಕಿತು ಅಂದಿದ್ದು?

ಶ್ರೀನಾಥ್: ಅಣ್ಣ ಹಾಕಿದ್ದು ಅದೇ 6,000. ಸಂಬಳದಲ್ಲಿ ಉಳಿದದ್ದು.

ವಿನುತಾ: ನಾನೂ ಆ ಅಣ್ಣನ ಹಾಗೆ ಶಾಂತವಾಗಿದ್ದೇನೆ ಸರ್. ಒಂದು ಕಂಪನಿಯ ಷೇರು ಐದು ವರ್ಷದಲ್ಲಿ 70% ಇಳಿದಿದೆ. ಒಂದೂ ಮಾರಿಲ್ಲ. ತಾಳ್ಮೆಗೆ ಫಲ ಸಿಗುತ್ತದೆ ಅಲ್ವಾ?

ಶ್ರೀನಾಥ್: ನಿಮ್ಮ ವಿಷಯ ಬೇರೆ ಮೇಡಂ. ಇಂಡೆಕ್ಸಿನಲ್ಲಿ ಬಿದ್ದ ಕಂಪನಿ ಹೊರಗೆ ಹೋಗುತ್ತದೆ, ಇನ್ನೊಂದು ಒಳಗೆ ಬರುತ್ತದೆ. ಒಂದೇ ಷೇರಿನಲ್ಲಿ ಆ ಬದಲಾವಣೆ ನಡೆಯುವುದಿಲ್ಲ. 70% ಇಳಿದದ್ದು ಹಳೆಯ ಬೆಲೆಗೆ ಬರಬೇಕಾದರೆ ಈಗಿನ ಬೆಲೆ ಮೂರು ಪಟ್ಟಿಗಿಂತ ಜಾಸ್ತಿ ಆಗಬೇಕು. ಕಂಪನಿಯ ಸಾಲ ಎಷ್ಟಿದೆ, ವ್ಯಾಪಾರದಿಂದ ದುಡ್ಡು ಬರುತ್ತಿದೆಯಾ, ಮೊದಲು ಅದನ್ನು ನೋಡಿ. ಇಂದು ಕೈಯಲ್ಲಿ ದುಡ್ಡು ಇದ್ದರೆ ಇದೇ ಷೇರು ಕೊಳ್ಳುತ್ತಿದ್ದಿರಾ?

ವಿನುತಾ: ಇಲ್ಲ. ಆದರೂ ನಷ್ಟಕ್ಕೆ ಮಾರೋಕೆ ಮನಸ್ಸು ಬರಲ್ಲ.

ಗಿರೀಶ್: ಸರ್, ಜನರನ್ನು ಹೆದರಿಸಬೇಡಿ. 2008ರಲ್ಲಿ ಬಿದ್ದದ್ದು ಎದ್ದಿತು. 2020ರಲ್ಲಿ ಬಿದ್ದದ್ದು ಅದೇ ವರ್ಷ ಎದ್ದಿತು. ಇತಿಹಾಸವೇ ಹೇಳುತ್ತದೆ.

ಶ್ರೀನಾಥ್: ಇತಿಹಾಸ ಪೂರ್ತಿ ಓದಿ. ಅಮೆರಿಕದ ಎಸ್ ಆ್ಯಂಡ್ ಪಿ 500 ಸೂಚ್ಯಂಕ 2007ರ ಅಕ್ಟೋಬರ್‌ನಿಂದ 2009ರ ಮಾರ್ಚ್‌ವರೆಗೆ ಅರ್ಧಕ್ಕಿಂತ ಜಾಸ್ತಿ ಬಿತ್ತು, ಹಳೆಯ ಮಟ್ಟ ಮುಟ್ಟಿದ್ದು 2013ರಲ್ಲಿ. 2020ರಲ್ಲಿ ಒಂದೇ ತಿಂಗಳಲ್ಲಿ ಮೂರನೇ ಒಂದು ಭಾಗ ಬಿದ್ದು ಆಗಸ್ಟ್ ಹೊತ್ತಿಗೆ ಮೇಲೆದ್ದಿತು. ಅದನ್ನು ನೋಡಿದವರಿಗೆ ಕರಡಿ ಅಂದರೆ ನಾಲ್ಕೈದು ತಿಂಗಳ ಮಾತು ಅನ್ನಿಸಿಬಿಟ್ಟಿದೆ. ಜಪಾನಿನ ನಿಕ್ಕಿ ಸೂಚ್ಯಂಕ 1989ರ ಡಿಸೆಂಬರ್‌ನಲ್ಲಿ ಮುಟ್ಟಿದ ಎತ್ತರವನ್ನು ದಾಟಿದ್ದು 2024ರ ಫೆಬ್ರವರಿಯಲ್ಲಿ. 34 ವರ್ಷ.

ಗಿರೀಶ್: ಅದು ತುದಿಯಲ್ಲಿ ಒಂದೇ ಸಲ ಹಾಕಿದವನ ಲೆಕ್ಕ. ಡಿವಿಡೆಂಡ್ ಸೇರಿಸಿಲ್ಲ. ಕೆಳಗಿನ ಬೆಲೆಯಲ್ಲೂ ಕಂತು ಕಟ್ಟಿದವನು ಅಷ್ಟು ಕಾಯಬೇಕಾಗಿರಲಿಲ್ಲ. ನೀವೂ ಅರ್ಧ ಹೇಳುತ್ತೀರಿ.

ಶ್ರೀನಾಥ್: ಈ ಮಾತು ಸರಿ. ಆದರೆ ನೀವು ಮೊದಲು ಹೇಳಿದ್ದು ಇದಲ್ಲ.

ಗಿರೀಶ್: ಸಲಹೆಗಾರರಿಗೆ ಫೀಸ್ ಬರೋದೇ ಜನ ಹೆದರಿದಾಗ. ಇಷ್ಟೇ ವಿಷಯ.

ವಿನುತಾ: ಗಿರೀಶ್ ಅವರೇ, ಇಲ್ಲಿ ಅವರು ಯಾರ ಹತ್ತಿರ ಫೀಸ್ ಕೇಳಿದರು? ಸ್ವಲ್ಪ ಮರ್ಯಾದೆ ಇರಲಿ.

ಗಿರೀಶ್: 70% ಕಳೆದುಕೊಂಡವರು ನನಗೆ ಪಾಠ ಹೇಳೋದು ಬೇಡ.

ಸುಧೀಂದ್ರ: ನಾನು ಮುಂದಿನ ವರ್ಷ ನಿವೃತ್ತ. ಷೇರು ಅಡವಿಟ್ಟು ಸಾಲ ತೆಗೆದಿದ್ದೇನೆ. ಬೆಲೆ ಇಳಿದರೆ ಸಾಲ ಕೊಟ್ಟವರು ಕೇಳದೆಯೇ ಮಾರಬಹುದಾ?

ಮಂಜು: ಸರ್, ನನ್ನ ಪ್ರಶ್ನೆ. ಈಗ ಕೊಳ್ಳಬಹುದಾ?

ಶ್ರೀನಾಥ್: ಮಂಜು, ಮೇಲೆ ನೋಡಿ.

ರೇಖಾ: ಸರ್, ಆ 30,000 ಮನೆಯ ಕಷ್ಟಕ್ಕೆ ಅಂತ ತೆಗೆದಿಟ್ಟದ್ದು. ಅದೊಂದೇ ಇದ್ದದ್ದು. ಇನ್ನೊಂದು ವಿಷಯ ಇವತ್ತು ಗೊತ್ತಾಯಿತು. ಯಾವುದೋ ಟಿಪ್ಸ್ ಗುಂಪಿಗೆ ಸೇರಿದ್ದಾನೆ. ಇದರಲ್ಲಿ ಅರ್ಧ ಮಾರಿ ಆಪ್ಷನ್ಸ್‌ಗೆ ಹಾಕಿದರೆ ಎರಡು ತಿಂಗಳಲ್ಲಿ ಹೋದದ್ದೆಲ್ಲ ವಾಪಸ್ ಅಂತಾನೆ.

ಶ್ರೀನಾಥ್: ನನಗೆ ಹೆದರಿಕೆ ಆಗುವುದು ಇದಕ್ಕೇ.

ಮನೆಯ ಕಷ್ಟದ ದುಡ್ಡು ಫಂಡಿನಲ್ಲಿ ಕೂತಿದ್ದರಿಂದಲೇ ಕೆಲಸದ ಸುದ್ದಿ ಕೇಳಿದ ಕೂಡಲೇ ಮಾರಬೇಕು ಅನ್ನಿಸಿತು. ಆ ಕ್ಷಣಕ್ಕೆ ಅದು ತಪ್ಪು ಯೋಚನೆಯೂ ಅಲ್ಲ, ಬ್ಯಾಂಕಿನಲ್ಲಿ ಬೇರೇನೂ ಇರಲಿಲ್ಲವಲ್ಲ. ಕರಡಿ ಮಾರುಕಟ್ಟೆ ಎಷ್ಟೋ ಸಲ ಒಂಟಿಯಾಗಿ ಬರುವುದಿಲ್ಲ. ಬೆಲೆ ಇಳಿಯುವ ಹೊತ್ತಿಗೇ ಕೆಲಸದ ಮೇಲೂ ಕತ್ತಿ ತೂಗುತ್ತಿರುತ್ತದೆ.

ಈಗ 26,250 ಮತ್ತೆ 48,000 ಆಗಬೇಕಾದರೆ 83% ಏರಬೇಕು. ಆ ಅಂತರ ನೋಡಿದವರಿಗೆ ನಿಧಾನದ ದಾರಿ ಸಾಕಾಗುವುದಿಲ್ಲ. ಕಾನೆಮನ್ ಮತ್ತು ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ಬರೆದಿದ್ದಾರೆ: ಲಾಭದಲ್ಲಿ ಹುಷಾರಾಗಿರುವ ಮನುಷ್ಯನೇ ನಷ್ಟದಲ್ಲಿ ಜೂಜಿಗೆ ಇಳಿಯುತ್ತಾನೆ. ಆಪ್ಷನ್ ಅಂದರೆ ಬೆಲೆ ಏರುತ್ತದೋ ಇಳಿಯುತ್ತದೋ ಅಂತ ಪ್ರೀಮಿಯಂ ಎಂಬ ದುಡ್ಡು ಕಟ್ಟಿ ಕೊಳ್ಳುವ ಒಪ್ಪಂದ. ಅದಕ್ಕೆ ಕೊನೆಯ ದಿನ ಅಂತ ಒಂದಿದೆ. ಏರುತ್ತದೆ ಅಂತ ಕೊಂಡದ್ದು ಅಷ್ಟರೊಳಗೆ ಏರದಿದ್ದರೆ ಕಟ್ಟಿದ ಪ್ರೀಮಿಯಂ ಪೂರ್ತಿ ಹೋಗಬಹುದು. ಸುಮ್ನೆ ಹಿಡಿದು ಕೂರುವ ಆಟ ಅಲ್ಲಿ ನಡೆಯುವುದಿಲ್ಲ. ಟಿಪ್ಸ್ ಕೊಡುವವರು ಅಷ್ಟು ಬಲ್ಲವರಾಗಿದ್ದರೆ ನಿಮ್ಮ ತಮ್ಮನ ದುಡ್ಡು ಅವರಿಗೆ ಯಾಕೆ ಬೇಕು?

ಆ ಗುಂಪಿನಿಂದ ಹೊರಗೆ ಬರಲಿ, ಇವತ್ತೇ. 26,250ರಲ್ಲಿ ಮೂರು ತಿಂಗಳ ಖರ್ಚಿನಷ್ಟು ಬ್ಯಾಂಕಿಗೆ ವಾಪಸ್ ಹೋಗಲಿ. ಪೂರ್ತಿ ಅಲ್ಲೇ ಹೋದರೂ ಹೋಗಲಿ. ಉಳಿದದ್ದು ಇದ್ದರೆ ಫಂಡಿನಲ್ಲಿರಲಿ. ಕಂತು ಅವನ ಕೈಯಿಂದಲ್ಲ, ಸಂಬಳ ಬಂದ ಮರುದಿನ ತಾನಾಗಿ ಕಟ್ ಆಗುವಂತೆ ಇರಲಿ.

ಗಿರೀಶ್: 120ಕ್ಕೆ ಕೊಂಡದ್ದನ್ನು ಮತ್ತೆ ಮಾರಿಸುತ್ತಿದ್ದೀರಿ. ನಾಳೆ 150 ಆದರೆ ಅವನಿಗೆ ಯಾರು ಉತ್ತರ ಕೊಡುತ್ತಾರೆ?

ಶ್ರೀನಾಥ್: 150 ಆಗಬಹುದು. 75 ಆದರೆ ಈ ಸಲವೂ ಅವನು ಮಾರುತ್ತಾನೆ.

ಮಧು: ನಾನೇ ರೇಖಾಳ ದೊಡ್ಡಪ್ಪನ ಮಗ. ನನ್ನನ್ನು ಶಾಂತಮೂರ್ತಿ ಮಾಡಬೇಡಿ. 75 ಆದಾಗ ರಾತ್ರಿ ಎರಡು ಗಂಟೆಗೆ ಎದ್ದು ಆ್ಯಪ್ ತೆಗೆದು ಕೆಂಪು ಅಂಕಿ ನೋಡುತ್ತಾ ಕೂರುತ್ತಿದ್ದೆ. ಮಾರುವ ಬಟನ್ ಒತ್ತಿಯೂ ಇದ್ದೆ. ಪಾಸ್‌ವರ್ಡ್ ಕೇಳಿತು. ಅದು ಹೆಂಡತಿ ಹತ್ತಿರ ಇತ್ತು. ಬೆಳಿಗ್ಗೆ ಕೇಳಿದರೆ "ಆರು ತಿಂಗಳ ಖರ್ಚು ಬ್ಯಾಂಕಲ್ಲಿದೆ, ಈಗ ಯಾಕೆ ಬೇಕು" ಅಂದಳು. ನನಗೆ ಉತ್ತರ ಗೊತ್ತಾಗಲಿಲ್ಲ. ಗೂಳಿ ಕಾಲದಲ್ಲಿ ತಮ್ಮ ದಿನಾ ಫೋನ್ ಮಾಡಿ ಲಾಭ ಹೇಳುತ್ತಿದ್ದ, ಆಗಲೂ ಹೊಟ್ಟೆ ಉರಿದಿತ್ತು.

ವಿನುತಾ: ಹಾಗಾದರೆ ಶಾಂತವಾಗಿದ್ದದ್ದು ನಿಮ್ಮ ಹೆಂಡತಿ!

ಗಿರೀಶ್: ಪಾಸ್‌ವರ್ಡ್ ಹೆಂಡತಿಗೆ ಕೊಡಿ ಅನ್ನೋದೇ ಇನ್ನು ಹೂಡಿಕೆ ಸಲಹೆ. ಒಳ್ಳೆ ಗುಂಪು.

ಶ್ರೀನಾಥ್: ಮಧು ಅವರೇ, ಇದನ್ನು ತಮ್ಮನಿಗೂ ಹೇಳಿದ್ದೀರಾ? ಅವನು ನಿಮ್ಮನ್ನು ಗಟ್ಟಿ ಎದೆಯವರು, ತನ್ನನ್ನು ಪುಕ್ಕಲ ಅಂದುಕೊಂಡಿರಬಹುದು. ಆಪ್ಷನ್ಸ್ ಕಡೆ ಓಡುವುದಕ್ಕೆ ಅದೂ ಒಂದು ಕಾರಣ ಇರಬಹುದು.

ಮಧು: ಹೇಳಿಲ್ಲ. ಹೋದ ಹಬ್ಬಕ್ಕೆ ಎಲ್ಲರೆದುರು ನನ್ನ ಲಾಭ ಹೇಳಿಕೊಂಡಿದ್ದೆ, ಆಮೇಲೆ ಅವನು ನನ್ನ ಫೋನ್ ಎತ್ತುತ್ತಿಲ್ಲ.

ರೇಖಾ: ಸರ್, ಅವನಿಗೆ ಈ ಥ್ರೆಡ್ ಕಳಿಸಿದೆ. ಓದಿದ್ದಾನೆ. ಬ್ಯಾಂಕಿಗೆ ಹಾಕುತ್ತೇನೆ ಅಂದ, ಆದರೆ ಮೂರು ತಿಂಗಳದ್ದಲ್ಲ, ಒಂದು ತಿಂಗಳದ್ದಂತೆ. ಟಿಪ್ಸ್ ಗುಂಪಿನ ಬಗ್ಗೆ ಏನೂ ಹೇಳಲಿಲ್ಲ.

ಶ್ರೀನಾಥ್: ಒಂದು ತಿಂಗಳದ್ದು ಸಾಲದು. ಗುಂಪಿಗೆ ದುಡ್ಡು ಕಟ್ಟಿದ್ದಾನಾ, ಟ್ರೇಡಿಂಗ್ ಖಾತೆಯ ಪಾಸ್‌ವರ್ಡ್ ಯಾರಿಗಾದರೂ ಕೊಟ್ಟಿದ್ದಾನಾ, ಅದನ್ನು ಇವತ್ತೇ ಕೇಳಿ. ಕೊಟ್ಟಿದ್ದರೆ ಮೊದಲು ಬದಲಾಯಿಸಲಿ.

ಸುಧೀಂದ್ರ: ನನ್ನ ಪ್ರಶ್ನೆಗೆ ಯಾರಾದರೂ ಉತ್ತರ ಕೊಡುತ್ತೀರಾ?