ಬಿಸಿಬೇಳೆಬಾತ್ ಫೋಟೋದ ಹಿನ್ನೆಲೆ ತೆಗೆಯುವಾಗ ಹಬೆ ಮತ್ತು ತಟ್ಟೆಯ ನೆರಳು ಏನು ಮಾಡಲಿ?

ಕೇಳಿದವರು: ಹೋಟೆಲ್ ಮೆನುಗೆ ಬಿಸಿಬೇಳೆಬಾತ್ ಫೋಟೋ ಇದೆ. ಬಿಳಿ ಪಿಂಗಾಣಿ ತಟ್ಟೆ, ಕಂದು ಮರದ ಮೇಜು, ಎಡಗಡೆ ಕಿಟಕಿ ಬೆಳಕು, ಓರೆಯಾಗಿ ಮೇಲಿನಿಂದ ತೆಗೆದದ್ದು. ಹಬೆ ಚೆನ್ನಾಗಿ ಬಂದಿದೆ. ಮೊಬೈಲ್ ಆ್ಯಪ್‌ನಲ್ಲಿ ಹಿನ್ನೆಲೆ ತೆಗೆದರೆ ಹಬೆ ಅರ್ಧಕ್ಕೆ ತುಂಡಾಗುತ್ತೆ, ನೆರಳು ಪೂರ್ತಿ ಹೋಗಿ ತಟ್ಟೆ ತೇಲುತ್ತೆ. ಕ್ರೀಮ್ ಬಣ್ಣದ ಪ್ರಿಂಟ್ ಕಾರ್ಡ್‌ಗೂ ಕೌಂಟರ್ ಮೇಲಿನ ಕಪ್ಪು ಟಿವಿ ಬೋರ್ಡ್‌ಗೂ ಇದೇ ಫೋಟೋ ಬೇಕು. ಎರಡನ್ನೂ ಉಳಿಸಿಕೊಳ್ಳಬಹುದಾ? ಫೋಟೋಶಾಪ್ ಬರುತ್ತೆ.

ಫುಡ್ ಫೋಟೋ ರಿಟಚಿಂಗ್ ಮಾಡುವವರು, ಬೆಂಗಳೂರು: ಒಂದೇ ಕಟೌಟ್ ಎರಡಕ್ಕೂ ಆಗಲ್ಲ. ಕ್ರೀಮ್ ಕಾರ್ಡ್‌ನಲ್ಲಿ ನೆರಳು ಇಟ್ಟುಕೊಳ್ಳಿ, ಹಬೆ ಬಿಡಿ. ಕಪ್ಪು ಬೋರ್ಡ್‌ನಲ್ಲಿ ಹಬೆ ಇಡಬಹುದು, ನೆರಳಿಗೆ ಬೇರೆ ದಾರಿ ಮಾಡಬೇಕು.

ಹಬೆಗೆ ತನ್ನದೇ ಅಂಚಿಲ್ಲ. ನಿಮ್ಮ ಫೋಟೋದಲ್ಲಿ ತಟ್ಟೆಯಿಂದ ಮೇಲೆ ಕಾಣುವ ಹಬೆ ಅಂದರೆ ಅದರ ಹಿಂದಿರುವ ಮರದ ಕಂದು, ಅದರ ಮೇಲೊಂದಿಷ್ಟು ಬಿಳಿ. ಅದನ್ನು ಎಷ್ಟು ಮೃದುವಾಗಿ ಕತ್ತರಿಸಿದರೂ ಕಂದು ಜೊತೆಗೇ ಬರುತ್ತೆ. ಕ್ರೀಮ್ ಮೇಲಿಟ್ಟರೆ ಕೊಳಕು ಕಲೆ ಥರ ಕಾಣುತ್ತೆ. ಒಂದು ವೇಳೆ ಕಂದು ಪೂರ್ತಿ ತೆಗೆದರೂ ಕ್ರೀಮ್ ಮೇಲೆ ಬಿಳಿ ಹಬೆ ಯಾರ ಕಣ್ಣಿಗೂ ಬೀಳಲ್ಲ. ಹಾಗಾಗಿ ಕಾರ್ಡ್‌ನಲ್ಲಿ ತಟ್ಟೆಯ ಅಂಚಿನಿಂದ ಹೊರಗಿರುವ ಹಬೆಯನ್ನು ಯೋಚನೆ ಮಾಡದೆ ತೆಗೆದುಬಿಡಿ.

ಕಷ್ಟ ಇರುವುದು ತಟ್ಟೆಯ ಒಳಗಿನ ಹಬೆಯಲ್ಲಿ. ಆಚೆ ಬದಿಯ ಅಂಚು ಮತ್ತು ಬಾತ್‌ನ ಮೇಲ್ಭಾಗ ಮಂಜು ಮುಸುಕಿದ ಹಾಗೆ ಕಾಣುತ್ತಿರುತ್ತೆ. ಹೊರಗಿನ ಹಬೆ ಹೋದ ಮೇಲೆ ಆ ಮಂಜಿಗೆ ಕಾರಣವೇ ಉಳಿಯಲ್ಲ, ಫೋಟೋ ಮಾಸಿದ ಹಾಗೆ ಅನ್ನಿಸುತ್ತೆ. ಇದಕ್ಕೆ Info ಪ್ಯಾನೆಲ್ ತೆರೆದು ಎರಡು ಕಡೆ ಅಳೆಯಿರಿ: ಹಬೆ ಇಲ್ಲದ ಕಡೆ ಬೂಂದಿ ಕಾಳುಗಳ ನಡುವಿನ ಕಪ್ಪು ಸಂದು, ಹಬೆ ಕೆಳಗೆ ಅಂಥದ್ದೇ ಇನ್ನೊಂದು ಸಂದು. ಮೊದಲನೆಯದು 20ರ ಹತ್ತಿರ, ಎರಡನೆಯದು 55ರ ಹತ್ತಿರ ಇದೆ ಅಂದುಕೊಳ್ಳಿ. ಒಂದು Levels ಅಡ್ಜಸ್ಟ್‌ಮೆಂಟ್ ಲೇಯರ್ ಹಾಕಿ ಎಡಗಡೆಯ ಕಪ್ಪು ಸ್ಲೈಡರ್ ಅನ್ನು 30ರಿಂದ 35ಕ್ಕೆ ತನ್ನಿ. ಮಾಸ್ಕ್ ಅನ್ನು ಕಪ್ಪು ಮಾಡಿ, Flow 10% ಇರುವ ದೊಡ್ಡ ಮೆತ್ತನೆ ಬ್ರಷ್‌ನಿಂದ ಹಬೆ ಇರುವಲ್ಲಿ ಮಾತ್ರ ಬಿಳಿ ಬಳಿಯಿರಿ. ಎರಡೂ ಸಂದುಗಳ ಅಂಕಿ ಸರಿಸಮ ಆಗುವ ತನಕ ಎಳೆಯಬೇಡಿ. ತುಪ್ಪದ ಹೊಳಪಿನ ಸುತ್ತ ಗಟ್ಟಿ ಕಪ್ಪು ಕಾಣತೊಡಗಿದರೆ ಹೆಚ್ಚಾಯಿತು ಅಂತ ಅರ್ಥ. ಸ್ವಲ್ಪ ಮಂಜು ಉಳಿದರೆ ಬಾತ್ ಬಿಸಿಯಾಗಿದೆ ಅಂತಲೇ ಕಾಣುತ್ತೆ.

ಫ್ಲೆಕ್ಸ್ ಡಿಸೈನ್ ಮಾಡುವವರು, ಧಾರವಾಡ: ಅಷ್ಟೆಲ್ಲಾ ಯಾಕ್ರೀ? ಹಬಿ ಇರೋ ಲೇಯರ್ Screen ಮಾಡ್ರಿ, ಹಿಂದಿನ ಬಣ್ಣ ತಾನ ಹೋಗ್ತದ. ನೆರಳಿಗೆ Drop Shadow ಹಾಕ್ರಿ, ಎರಡು ನಿಮಿಷದ ಕೆಲಸ.

ರಿಟಚಿಂಗ್, ಬೆಂಗಳೂರು: Screen ಮಾತು ಅರ್ಧ ಸರಿ ಸರ್. ಆ ಮೋಡ್‌ನಲ್ಲಿ ಮಾಯ ಆಗುವುದು ಕಪ್ಪು ಮಾತ್ರ. ಹಬೆಯ ಹಿಂದೆ ಕಪ್ಪು ಬಟ್ಟೆ ಇದ್ದಿದ್ದರೆ ನೀವು ಹೇಳಿದ ಹಾಗೆ ಅಚ್ಚುಕಟ್ಟಾಗಿ ಬರುತ್ತಿತ್ತು. ಇಲ್ಲಿ ಇರುವುದು ಕಂದು ಮರ. ಟಿವಿ ಬೋರ್ಡ್‌ನಲ್ಲಿ Screen ಹಾಕಿದರೆ ಮರದ ಗೆರೆಗಳು ಸಮೇತ ಕಂದು ಬೆಳಗುತ್ತೆ.

ಟಿವಿಗೆ ಮಾಡುವ ಕ್ರಮ ಹೀಗೆ. ಹಬೆ ಇರುವ ಭಾಗವನ್ನು ಬೇರೆ ಲೇಯರ್‌ಗೆ ನಕಲು ಮಾಡಿ, ಬಣ್ಣ ಪೂರ್ತಿ ತೆಗೆಯಿರಿ. Levels‌ನಲ್ಲಿ ಕಪ್ಪು ಸ್ಲೈಡರ್ ಅನ್ನು ಹಬೆ ಇಲ್ಲದ ಮರದ ಅತಿ ತಿಳಿಯಾದ ಗೆರೆ ಕಪ್ಪಾಗುವ ತನಕ ಎಳೆಯಿರಿ. ಆಮೇಲೆ Screen. ತೆಳು ಹಬೆ ಇದರಲ್ಲಿ ಕಳೆದೇ ಹೋಗುತ್ತೆ, ದಪ್ಪ ಸುರುಳಿ ಮಾತ್ರ ಉಳಿಯುತ್ತೆ. ಮರ ಗಾಢ ಕಂದು ಆಗಿದ್ದರೆ ಫಲಿತಾಂಶ ಒಪ್ಪುವಂತಿರುತ್ತೆ, ತೇಗದ ಹಾಗೆ ತಿಳಿ ಬಣ್ಣ ಇದ್ದರೆ ಹಬೆಯ ಆಸೆ ಬಿಡುವುದೇ ಒಳ್ಳೆಯದು.

ಕೆಫೆ ನಡೆಸುವವರು, ಮೈಸೂರು: ನಾನು ಫಿಲ್ಟರ್ ಕಾಫಿಗೆ ಇದನ್ನೇ ಹುಡುಕುತ್ತಿದ್ದೆ. ಹಬೆ ಚೆನ್ನಾಗಿ ಬರಬೇಕಾದರೆ ಬೆಳಕು ಲೋಟದ ಹಿಂದಿನಿಂದ ಬರಬೇಕು, ಹಿಂದುಗಡೆ ಕಪ್ಪು ಬೋರ್ಡ್ ಇರಬೇಕು, ಫ್ಯಾನ್ ಆಫ್ ಮಾಡಬೇಕು. ಮುಂದಿನಿಂದ ಬೆಳಕು ಬಿದ್ದರೆ ಹಬೆ ಕಾಣುವುದೇ ಇಲ್ಲ.

ಕೇಳಿದವರು: ಮೇಡಂ, ಫೋಟೋ ಆಗಲೇ ತೆಗೆದಾಗಿದೆ, ಮತ್ತೆ ತೆಗೆಯಲು ಆಗಲ್ಲ. ಮುಂದಿನ ಸಲಕ್ಕೆ ಇಟ್ಟುಕೊಳ್ಳುತ್ತೇನೆ. Drop Shadow ಹಾಕಿ ನೋಡಿದೆ, ತಟ್ಟೆ ಇನ್ನೂ ತೇಲುತ್ತಿದೆ.

ರಿಟಚಿಂಗ್, ಬೆಂಗಳೂರು: Drop Shadow ತಟ್ಟೆಯ ಆಕಾರವನ್ನೇ ಒಂದೇ ಗಾಢತೆಯಲ್ಲಿ ಪಕ್ಕಕ್ಕೆ ಸರಿಸುತ್ತೆ. ಗೋಡೆಗೆ ಅಂಟಿಸಿದ ಕಾಗದಕ್ಕೆ ಅದು ಸರಿ. ಮೇಜಿನ ಮೇಲಿನ ತಟ್ಟೆಗೆ ನೆರಳು ಎರಡು ಥರ ಇರುತ್ತೆ: ತಳ ಮೇಜಿಗೆ ತಾಗುವಲ್ಲಿ ಕಿರಿದಾದ ಗಾಢ ಗೆರೆ, ಅಲ್ಲಿಂದ ಬಲಕ್ಕೆ ಹರಡಿ ತೆಳುವಾಗುವ ಅಗಲ ನೆರಳು. ಮೊದಲನೆಯದು ಇಲ್ಲದಿದ್ದರೆ ತಟ್ಟೆ ತೇಲುತ್ತೆ.

ಮೇಜು ಬಿಳಿಯಾಗಿದ್ದರೆ ಅಸಲಿ ನೆರಳನ್ನೇ ಉಳಿಸಿಕೊಳ್ಳಬಹುದಿತ್ತು: ಬಣ್ಣ ತೆಗೆದು, ಮೇಜು ಪೂರ್ತಿ ಬಿಳಿ ಆಗುವ ತನಕ Levels ಎಳೆದು, Multiply ಮಾಡಿದರೆ ಮುಗಿಯಿತು. ಮರ ಇರುವುದರಿಂದ ಗೆರೆಗಳೂ ಬರುತ್ತವೆ. ಹೊಸದಾಗಿ ಕಟ್ಟಿ, ಆದರೆ ಅಸಲಿ ಫೋಟೋ ಪಕ್ಕದಲ್ಲಿ ತೆರೆದಿರಲಿ, ನೆರಳಿನ ದಿಕ್ಕು ಮತ್ತು ಉದ್ದ ಅದರಿಂದಲೇ ತೆಗೆದುಕೊಳ್ಳಿ.

ತಟ್ಟೆ ಸುಮಾರು 2600 ಪಿಕ್ಸೆಲ್ ಅಗಲ ಇದೆ ಅಂತ ಇಟ್ಟುಕೊಂಡು ಅಳತೆ ಹೇಳುತ್ತೇನೆ. ತಟ್ಟೆಯ ಮಾಸ್ಕ್ ಮೇಲೆ Ctrl ಒತ್ತಿ ಕ್ಲಿಕ್ ಮಾಡಿದರೆ ಆಕಾರ ಸೆಲೆಕ್ಟ್ ಆಗುತ್ತೆ. ತಟ್ಟೆಯ ಕೆಳಗೊಂದು ಹೊಸ ಲೇಯರ್‌ನಲ್ಲಿ `#2b1d12` ತುಂಬಿ, ಬಲಕ್ಕೂ ಕೆಳಕ್ಕೂ ಸುಮಾರು 20 ಪಿಕ್ಸೆಲ್ ಸರಿಸಿ, Gaussian Blur 12, ಮೋಡ್ Multiply, Opacity 55%. ಇದು ಗಾಢ ಗೆರೆ. ಇದರದ್ದೇ ಇನ್ನೊಂದು ನಕಲು ಮಾಡಿ 90 ಪಿಕ್ಸೆಲ್ ಬಲಕ್ಕೆ ಸರಿಸಿ, Blur 70, Opacity 20ರಿಂದ 25%. ಎಡಗಡೆ ಏನಾದರೂ ಇಣುಕಿದರೆ ಅಳಿಸಿ, ಬೆಳಕು ಬರುವ ಕಡೆ ಅಗಲ ನೆರಳು ಇರಬಾರದು. ಶುದ್ಧ ಕಪ್ಪಿನ ಬದಲು ಗಾಢ ಕಂದು ಹೇಳಿದ್ದು ಕ್ರೀಮ್ ಮೇಲೆ ಬೂದು ಕಾಣದಿರಲಿ ಅಂತ.

ಅಂಚಿನ ವಿಷಯ ಒಂದು ಮಾತು. ತಟ್ಟೆಯ ಸುತ್ತು Pen Tool‌ನಿಂದಲೇ ಮಾಡಿ, ನಾಲ್ಕು ತುದಿಗಳಲ್ಲಿ ನಾಲ್ಕು ಬಿಂದು ಸಾಕು, ಹಿಡಿಗಳನ್ನು ಎಳೆದು ಕೂರಿಸಿ. ಆಮೇಲೆ ಮಾಸ್ಕ್ ಅನ್ನು 1ರಿಂದ 2 ಪಿಕ್ಸೆಲ್ ಒಳಕ್ಕೆ ತಳ್ಳಿ, ಇಲ್ಲದಿದ್ದರೆ ಮರದ ಕಂದು ಕೂದಲೆಳೆ ಕ್ರೀಮ್ ಮೇಲೆ ಎದ್ದು ಕಾಣುತ್ತೆ. ಓರೆ ಫೋಟೋದಲ್ಲಿ ಆಚೆಯ ಅಂಚು ಫೋಕಸ್‌ನಲ್ಲಿ ಇರಲ್ಲ. ಮುಂದಿನ ಅಂಚಿಗೆ ಅರ್ಧ ಪಿಕ್ಸೆಲ್ ಮೃದುತ್ವ ಸಾಕು, ಹಿಂದಿನದಕ್ಕೆ 2ರಿಂದ 3 ಬೇಕು. ಸುತ್ತಲೂ ಒಂದೇ ಚೂಪು ಇಟ್ಟರೆ ಕತ್ತರಿಯಲ್ಲಿ ಕತ್ತರಿಸಿ ಅಂಟಿಸಿದ್ದು ಅಂತ ಗೊತ್ತಾಗಿಬಿಡುತ್ತೆ.

ಪ್ರಿಂಟಿಂಗ್ ಪ್ರೆಸ್‌ನಲ್ಲಿ ಫೈಲ್ ನೋಡಿಕೊಳ್ಳುವವರು, ಹುಬ್ಬಳ್ಳಿ: ಇಷ್ಟು ಮಾಡುವ ಮುಂಚೆ ಒಂದು ಕೇಳಿಕೊಳ್ಳಿ: ಕ್ರೀಮ್ ಅಂದರೆ ಬಿಳಿ ಕಾಗದದ ಮೇಲೆ ಅಚ್ಚು ಹಾಕುವ ಬಣ್ಣವೋ, ಕಾಗದವೇ ಕ್ರೀಮೋ? ಕಾಗದವೇ ಕ್ರೀಮ್ ಆದರೆ ನಿಮ್ಮ ಬಿಳಿ ತಟ್ಟೆ ಬಿಳಿಯಾಗಿ ಬರಲ್ಲ. ಬಿಳಿ ಇಂಕು ನಾವು ಹಾಕಲ್ಲ, ತಟ್ಟೆ ಇರುವಲ್ಲಿ ಕಾಗದದ ಬಣ್ಣವೇ ಕಾಣುತ್ತೆ. ಆಗ ಬಲಗಡೆ ನೆರಳು ಅಂಚನ್ನು ಹಿಡಿದಿರುತ್ತೆ, ಎಡಗಡೆ ಬೆಳಕು ಬಿದ್ದ ಅಂಚು ಕಾಗದದಲ್ಲಿ ಕರಗಿಹೋಗುತ್ತೆ. ಆ ಕಡೆ ಅಂಚಿನ ಒಳಮೈಯನ್ನು Curves‌ನಲ್ಲಿ ಸ್ವಲ್ಪ ಗಾಢ ಮಾಡಿ, ಕೊನೇ ಪಕ್ಷ 6ರಿಂದ 8% ಬೂದು ಇರಲಿ.

ಇನ್ನೊಂದು, ಕಾರ್ಡ್‌ನಲ್ಲಿ ಈ ತಟ್ಟೆ 6 ಸೆಂಟಿಮೀಟರ್ ಬಂದರೆ 300 ಡಿಪಿಐ ಲೆಕ್ಕದಲ್ಲಿ 709 ಪಿಕ್ಸೆಲ್ ಅಷ್ಟೆ. ಮೇಲೆ ಹೇಳಿದ 12 ಪಿಕ್ಸೆಲ್ ಮೃದುತ್ವ ಅಲ್ಲಿ 3ಕ್ಕೆ ಇಳಿಯುತ್ತೆ. ನೆರಳನ್ನು ನಿಜ ಅಳತೆಗೆ ಚಿಕ್ಕದು ಮಾಡಿ ನೋಡಿಯೇ ತೀರ್ಮಾನಿಸಿ. ಅಗಲ ನೆರಳಿನ ತುದಿ 2-3%ಗಿಂತ ತೆಳುವಾದರೆ ಆ ಚುಕ್ಕಿಗಳು ಅಚ್ಚಿನಲ್ಲಿ ನಿಲ್ಲದೆ, ನೆರಳು ಒಂದು ಗೆರೆಯಲ್ಲಿ ತಟ್ಟನೆ ಮುಗಿದ ಹಾಗೆ ಕಾಣಬಹುದು. ಅದಕ್ಕೆ ತುಂಬಾ ದೂರ ಹರಡಬೇಡಿ. ಫೈಲ್ ಕೊಡುವಾಗ ಜೆಪೆಗ್ ಬೇಡ, ತಟ್ಟೆಯ ಸುತ್ತ ಬಿಳಿ ಚೌಕ ಬರುತ್ತೆ. ಲೇಯರ್ ಸಮೇತ ಪಿಎಸ್‌ಡಿ ಕೊಡಿ.

ಕೇಳಿದವರು: ಕಾಗದ ಬಿಳಿ, ಕ್ರೀಮ್ ಅಚ್ಚು ಹಾಕುವುದೇ. ಟಿವಿಗೆ ಪಿಎನ್‌ಜಿ ಕೊಡಬೇಕು, ಅದರಲ್ಲಿ Multiply, Screen ಎಲ್ಲಾ ಉಳಿಯುತ್ತಾ?

ರಿಟಚಿಂಗ್, ಬೆಂಗಳೂರು: ಮೋಡ್‌ಗಳು ಉಳಿಯಲ್ಲ, ಆದರೆ ಬೇಕಾಗುವುದೂ ಇಲ್ಲ. ಹಬೆಯ ಕಪ್ಪುಬಿಳುಪು ಚಿತ್ರವನ್ನು ನಕಲು ಮಾಡಿ, ಪೂರ್ತಿ ಬಿಳಿ ತುಂಬಿದ ಒಂದು ಲೇಯರ್‌ನ ಮಾಸ್ಕ್‌ಗೆ ಅಂಟಿಸಿ, ಮೋಡ್ Normal ಇಡಿ. Screen ಕೊಡುವ ಫಲಿತಾಂಶವೇ ಬರುತ್ತೆ, ಪಿಎನ್‌ಜಿಯಲ್ಲೂ ಉಳಿಯುತ್ತೆ. ನೆರಳಿಗೂ ಅದೇ: ಟಿವಿಗೆ ಶುದ್ಧ ಕಪ್ಪು, ಅರೆಪಾರದರ್ಶಕ, Normal.

ಪೂರ್ತಿ ಕಪ್ಪಿನ ಮೇಲೆ ಮಾತ್ರ ನೆರಳು ಕಾಣಲ್ಲ. ತಟ್ಟೆ ತೇಲದಿರಬೇಕಾದರೆ ಅದರ ಕೆಳಗೆ `#262626`ನಿಂದ ಕಪ್ಪಿಗೆ ಕರಗುವ ಒಂದು ನೆಲ ಕೊಡಿ, ನೆರಳು ಅದರ ಮೇಲೆ ಬೀಳಲಿ.

ಧಾರವಾಡ: ಹಂಗಾರ ಈ ಫೋಟೋದ ಹಬಿ ಸರಿ ಬರಲಿಲ್ಲಂದ್ರ, ಆ ಮೇಡಂ ಹೇಳಿದಂಗ ಕಪ್ಪು ಬೋರ್ಡ್ ಇಟ್ಟು ಬಿಸಿನೀರಿನ ಹಬಿ ತೆಗೆದು ಕೂಡಿಸಬಹುದಲ್ರೀ?

ರಿಟಚಿಂಗ್, ಬೆಂಗಳೂರು: ತಾಂತ್ರಿಕವಾಗಿ ಅದೇ ಎಲ್ಲಕ್ಕಿಂತ ಸ್ವಚ್ಛ. ಆದರೆ ಹಬೆ ಬಾತ್‌ನ ಗುಡ್ಡೆಯಿಂದಲೇ ಏಳುವ ಹಾಗೆ ಕೂರಿಸಬೇಕು, ತಟ್ಟೆಯ ಅಂಚಿನಿಂದ ಎದ್ದರೆ ಮೋಸ ಗೊತ್ತಾಗುತ್ತೆ. ಮೊಸರನ್ನ, ಕೋಸಂಬರಿ ಪಕ್ಕದಲ್ಲಿ ಇದ್ದರೆ ಅವುಗಳ ಮೇಲೆ ಹಾಯಿಸಬೇಡಿ.

ಮೈಸೂರು: ನನಗೆ ಅದು ಒಪ್ಪಿಗೆ ಇಲ್ಲ. ಬೇರೆಲ್ಲಿಂದಲೋ ತಂದ ಹಬೆ ಮೆನುವಿನಲ್ಲಿ ಬೇಡ. ಆ ತಿಂಡಿಯದ್ದೇ ಹಬೆ ಇದ್ದರೆ ಇರಲಿ, ಇಲ್ಲದಿದ್ದರೆ ಬಾತ್ ಮೇಲೆ ತುಪ್ಪ ಕರಗುತ್ತಿರುವುದು ಕಂಡರೆ ಬಿಸಿ ಅಂತ ಗಿರಾಕಿಗೆ ತಿಳಿಯುತ್ತೆ.

ರಿಟಚಿಂಗ್, ಬೆಂಗಳೂರು: ತುಪ್ಪದ ಮಾತು ಒಪ್ಪುತ್ತೇನೆ, ಹಬೆಯದ್ದು ಪೂರ್ತಿ ಒಪ್ಪಲ್ಲ. ಅದೇ ಅಡುಗೆಮನೆಯಲ್ಲಿ ಅದೇ ಬಾತ್‌ನ ಹಬೆ ಇನ್ನೊಂದು ಫ್ರೇಮ್‌ನಲ್ಲಿ ತೆಗೆದರೆ ಅದನ್ನು ಸುಳ್ಳು ಅನ್ನಲಾಗದು.

ಹುಬ್ಬಳ್ಳಿ: ಉಳಿದ ತಿಂಡಿಗಳ ಫೋಟೋದಲ್ಲೂ ಬೆಳಕು ಎಡಗಡೆಯಿಂದಲೇ ಇದೆಯಾ ನೋಡಿ. ಒಂದೆರಡಕ್ಕೆ ಬಲದಿಂದ ಇದ್ದರೆ, ತಟ್ಟೆಯಲ್ಲಿ ಅಕ್ಷರ, ಲೋಗೋ ಇಲ್ಲದಿದ್ದಲ್ಲಿ ಮಾತ್ರ ಅಡ್ಡಕ್ಕೆ ತಿರುಗಿಸಿ, ಆಮೇಲೆ ನೆರಳು ಕಟ್ಟಿ.

ಕೇಳಿದವರು: ಪೂರಿ ಫೋಟೋಗೆ ಬಲಗಡೆ ಬೆಳಕು ಇದೆ, ಅದೂ ಸ್ಟೀಲ್ ತಟ್ಟೆ. ಅಂಚಿನಲ್ಲಿ ಮೇಜಿನ ಕಂದು ಪ್ರತಿಫಲಿಸಿದೆ.

ರಿಟಚಿಂಗ್, ಬೆಂಗಳೂರು: ತಿರುಗಿಸುವುದು ಸರಿ. ಸ್ಟೀಲ್ ಅಂಚಿಗೆ ಮಾತ್ರ Hue/Saturation ಹಾಕಿ, Reds ಮತ್ತು Yellows ಎರಡರಲ್ಲೂ Saturation ಅನ್ನು -70ರ ತನಕ ಇಳಿಸಿ. ಪೂರ್ತಿ ಶೂನ್ಯ ಮಾಡಬೇಡಿ, ಪೂರಿಯ ಹೊಂಬಣ್ಣ ಒಳಮೈಯಲ್ಲಿ ಪ್ರತಿಫಲಿಸಿರುವುದು ಇರಲೇಬೇಕು, ಅದನ್ನು ಮಾಸ್ಕ್‌ನಿಂದ ಕಾಪಾಡಿ. ಮೇಜಿನ ಗೆರೆಗಳೇ ಅಂಚಿನಲ್ಲಿ ಸ್ಪಷ್ಟ ಕಾಣುತ್ತಿದ್ದರೆ ಬಣ್ಣ ತೆಗೆದರೂ ಗೆರೆ ಉಳಿಯುತ್ತೆ, ಅಂಥ ಕಡೆ ಕ್ಲೋನ್ ಮಾಡದೆ ಬೇರೆ ದಾರಿ ಇಲ್ಲ.