ಪದಚರ್ಚೆ: ‘ಹೊತ್ತಿಕೊಳ್ಳುವ’, ‘ಕಣ್ತಪ್ಪು’, ‘ನಿಲ್ಲಿಸಬಹುದು’ – ಹೇಳಿಕೆಯಲ್ಲಿ ಒಪ್ಪಿಗೆ ಎಲ್ಲಿ ನುಸುಳುತ್ತದೆ?

ಎಲ್ಲರಿಗೂ ನಮಸ್ಕಾರ,

ಒಂದು ಕಂಪನಿ ತನ್ನ ಪವರ್ ಬ್ಯಾಂಕ್‌ಗಳನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಳ್ಳುತ್ತಿದೆ. ಅದರ ಕನ್ನಡ ಹೇಳಿಕೆಯನ್ನು ತಿದ್ದುವ ಕೆಲಸ ನನ್ನ ಕೈಗೆ ಬಂದಿದೆ. ಕರಡು ಹೀಗಿದೆ:

“ಕಣ್ತಪ್ಪಿನಿಂದಾದ ಲೋಪದ ಕಾರಣ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳುವ ನಮ್ಮ ಪವರ್ ಬ್ಯಾಂಕ್‌ಗಳನ್ನು ಮುನ್ನೆಚ್ಚರಿಕೆಯಾಗಿ, ಸ್ವಯಂಪ್ರೇರಿತವಾಗಿ ಹಿಂಪಡೆಯಲಾಗುತ್ತಿದೆ. ಗ್ರಾಹಕರು ಇವುಗಳ ಬಳಕೆಯನ್ನು ನಿಲ್ಲಿಸಬಹುದು. ದೂರು ಗಮನಕ್ಕೆ ಬಂದ ಕೂಡಲೇ ಕ್ರಮ ಕೈಗೊಳ್ಳಲಾಗಿದೆ. ಆದ ಅನನುಕೂಲಕ್ಕೆ ವಿಷಾದಿಸುತ್ತೇವೆ.”

ಗೊತ್ತಿರುವ ಸಂಗತಿ ಇಷ್ಟೇ. ಒಂದೇ ಬ್ಯಾಚಿನ ಎರಡು ಪವರ್ ಬ್ಯಾಂಕ್ ವಿಪರೀತ ಬಿಸಿಯಾಗಿ ಹೊರಕವಚ ಕರಗಿದೆ. ಒಂದು ಮನೆಯಲ್ಲಿ ಮೇಜಿನ ಬಟ್ಟೆ ಸುಟ್ಟಿದೆ. ಬೆಂಕಿ ಹೊತ್ತಿಕೊಂಡಿಲ್ಲ, ಯಾರಿಗೂ ಗಾಯವಾಗಿಲ್ಲ. ಕಾರಣ ಏನೆಂದು ಇನ್ನೂ ತನಿಖೆ ನಡೆಯುತ್ತಿದೆ. ಮೊದಲ ದೂರು ಬಂದು ಆರು ವಾರವಾಗಿದೆ.

ಓದುವವರಿಗೆ ವಿಷಯ ಸ್ಪಷ್ಟವಾಗಿರಬೇಕು, ಕಂಪನಿ ಹೊಣೆಯಿಂದ ಜಾರಿಕೊಂಡಂತೆ ಕಾಣಬಾರದು. ಹಾಗಂತ ಇನ್ನೂ ಗೊತ್ತಿಲ್ಲದ್ದನ್ನು ಒಪ್ಪಿಕೊಂಡಂತೆಯೂ ಆಗಬಾರದು. ಮೊದಲ ವಾಕ್ಯದಲ್ಲೇ ಏನೋ ಎಡವಟ್ಟಾಗಿದೆ ಅನ್ನಿಸುತ್ತಿದೆ. ಎಲ್ಲಿ ಅಂತ ಹಿಡಿಯಲು ಆಗುತ್ತಿಲ್ಲ.

– ಶೈಲಜಾ

ಶೈಲಜಾ ಅವರೇ,

ಪತ್ರಿಕೆಯ ಡೆಸ್ಕಿನಲ್ಲಿ ಬಹಳ ವರ್ಷ ಇಂಥ ಪ್ರಕಟಣೆ ತಿದ್ದಿದ್ದೇನೆ. ‘ನಿಲ್ಲಿಸಬಹುದು’ ಖಂಡಿತ ತಪ್ಪು. ಕನ್ನಡದ ‘ಬಹುದು’ ಸಾಧ್ಯತೆಯನ್ನೂ ಹೇಳುತ್ತದೆ, ಅನುಮತಿಯನ್ನೂ ಹೇಳುತ್ತದೆ. ಓದುವವರು ‘ಬೇಕಾದರೆ ನಿಲ್ಲಿಸಿ, ಇಲ್ಲದಿದ್ದರೆ ಬಳಸಿ’ ಅಂತ ತಿಳಿಯುತ್ತಾರೆ. ‘ಬಳಸಬೇಡಿ’ ಅಂತಲೇ ಹಾಕಿ.

ಉಳಿದದ್ದಕ್ಕೆ ಸುಲಭ ದಾರಿ ಇದೆ. ಎಲ್ಲವನ್ನೂ ‘ಲಾಗಿದೆ’ ಮಾಡಿಬಿಡಿ. ‘ನಾವು’ ಇಲ್ಲದಿದ್ದರೆ ಒಪ್ಪಿಗೆಯೂ ಇಲ್ಲ. ‘ವಿಷಾದ’ವನ್ನು ಹಾಗೇ ಉಳಿಸಿ. ‘ಕ್ಷಮೆ’ ಅಂದರೆ ತಪ್ಪೊಪ್ಪಿಗೆಯೇ.

– ಗುರುರಾಜ

ನಮಸ್ಕಾರ. ನೀವು ಕೇಳುತ್ತಿರುವುದು ‘ರೀಕಾಲ್’ಗೆ ಕನ್ನಡ ಪದ ಯಾವುದು ಅಂತ ತಾನೇ? ‘ಹಿಂಪಡೆ’ ದಯವಿಟ್ಟು ಬೇಡ. ನಾನು ಅದರಿಂದ ಮೋಸಹೋಗಿದ್ದೇನೆ. ಒಂದು ಹೀಟರಿನ ಬಗ್ಗೆ ‘ಹಿಂಪಡೆಯಲಾಗುತ್ತಿದೆ’ ಎಂಬ ಪ್ರಕಟಣೆ ಓದಿದೆ. ಕೇಸು ಹಿಂಪಡೆಯುತ್ತಾರೆ, ಹೇಳಿಕೆ ಹಿಂಪಡೆಯುತ್ತಾರೆ, ಇದನ್ನು ಕಂಪನಿಯವರೇ ಮನೆಗೆ ಬಂದು ಒಯ್ಯುತ್ತಾರೆ ಅಂದುಕೊಂಡೆ. ಎರಡು ತಿಂಗಳು ಯಾರೂ ಬರಲಿಲ್ಲ. ಅಷ್ಟು ದಿನವೂ ಹೀಟರ್ ಬಳಸಿದೆ. ಅಂಗಡಿಗೆ ನಾವೇ ಒಯ್ಯಬೇಕಿತ್ತಂತೆ.

– ನಾಗರತ್ನ

ಶೈಲಜಾ ಮೇಡಂ, ಗ್ರಾಹಕರ ಮೊಕದ್ದಮೆಗಳಲ್ಲಿ ಇಂಥ ಹೇಳಿಕೆಗಳನ್ನು ಎದುರು ಪಕ್ಷದವನಾಗಿ ಓದುವ ವಕೀಲ ನಾನು. ನನ್ನ ಕಣ್ಣು ಮೊದಲು ಹೋಗುವುದು ‘ಹೊತ್ತಿಕೊಳ್ಳುವ’ ಎಂಬ ಪದಕ್ಕೆ.

ನಮ್ಮ ಭಾಷೆಯಲ್ಲಿ ಹೀಗೆ ನಾಮಪದದ ಹಿಂದೆ ನಿಂತ ಕ್ರಿಯೆ ಎರಡು ಕೆಲಸ ಮಾಡುತ್ತದೆ. ‘ಹೊತ್ತಿಕೊಳ್ಳುವ ಪವರ್ ಬ್ಯಾಂಕ್‌ಗಳು’ ಅಂದರೆ ‘ಅವುಗಳಲ್ಲಿ ಹೊತ್ತಿಕೊಳ್ಳುವಂಥವು ಮಾತ್ರ’ ಅಂತಲೂ ಆಗುತ್ತದೆ, ‘ನಮ್ಮ ಪವರ್ ಬ್ಯಾಂಕ್‌ಗಳು ಹೊತ್ತಿಕೊಳ್ಳುತ್ತವೆ’ ಅಂತಲೂ ಆಗುತ್ತದೆ. ಪಕ್ಕದಲ್ಲಿ ‘ನಮ್ಮ’ ಇದ್ದರೆ ಎರಡನೆಯ ಅರ್ಥವೇ ಗಟ್ಟಿಯಾಗಿ ಕೇಳಿಸುತ್ತದೆ. ಆಗದೇ ಇರುವ ಬೆಂಕಿಯನ್ನು, ಎಲ್ಲ ಮಾಡೆಲ್‌ಗಳಿಗೂ ಸೇರಿಸಿ, ಕಂಪನಿ ತಾನೇ ಒಪ್ಪಿಕೊಂಡಂತಾಯಿತು. ‘ದೋಷವಿರುವ ಪವರ್ ಬ್ಯಾಂಕ್‌ಗಳು’ ಅಂತ ಮೆತ್ತಗೆ ಮಾಡಿದರೂ ಇದೇ ತೊಂದರೆ ಉಳಿಯುತ್ತದೆ. ಆ ಕ್ರಿಯೆಯನ್ನು ಅಲ್ಲಿಂದ ಎತ್ತಿ ಬೇರೆ ವಾಕ್ಯ ಮಾಡಿ. ಒಂದರಲ್ಲಿ ಏನನ್ನು ವಾಪಸ್ ಪಡೆಯುತ್ತೀರಿ ಅಂತ ಮಾಡೆಲ್, ಬ್ಯಾಚ್ ಸಂಖ್ಯೆ ಸಮೇತ ಹೇಳಿ. ಇನ್ನೊಂದರಲ್ಲಿ ಏನು ಕಂಡಿದೆ ಅಂತ ಹೇಳಿ.

‘ಕಣ್ತಪ್ಪು’ ವಿನಯಕ್ಕೆಂದು ಹಾಕಿದ ಪದ ಇರಬೇಕು. ಆದರೆ ಅದರ ಅರ್ಥ ನೋಡಿ. ನೋಡಿದ್ದರೆ ಕಾಣುತ್ತಿತ್ತು, ನೋಡಲಿಲ್ಲ ಅಂತ. ಅಜಾಗರೂಕತೆಯನ್ನು ಸಾಬೀತು ಮಾಡಲು ನನಗೆ ಬೇಕಾಗಿರುವುದೂ ಅದೇ. ತನಿಖೆ ಮುಗಿಯುವ ಮೊದಲೇ ಕಾರಣ ಬರೆದುಕೊಟ್ಟಂತೆ. ನಾಳೆ ಸೆಲ್ ತಯಾರಕರದ್ದೇ ಸಮಸ್ಯೆ ಅಂತ ಗೊತ್ತಾದರೆ ಏನು ಮಾಡುತ್ತಾರೆ? ‘ಅಚಾತುರ್ಯ’ ಕೂಡ ಇದೇ ಸಾಲಿನದು.

ಗುರುರಾಜ್ ಸರ್ ‘ಬಹುದು’ ಬಗ್ಗೆ ಹೇಳಿದ್ದು ಸರಿ. ‘ಲಾಗಿದೆ’ ಬಗ್ಗೆ ಒಪ್ಪುವುದಿಲ್ಲ. ವಸ್ತು ಮಾರಿದವರು ಯಾರು ಅಂತ ಪೆಟ್ಟಿಗೆಯ ಮೇಲೇ ಇದೆ. ‘ನಾವು’ ತೆಗೆದರೆ ಹೊಣೆ ಹೋಗುವುದಿಲ್ಲ. ಹಣ ಯಾರು ಕೊಡುತ್ತಾರೆ ಅನ್ನುವುದು ಮಾತ್ರ ಮಸುಕಾಗುತ್ತದೆ. ನಾಗರತ್ನ ಅವರ ಹೀಟರಿಗೆ ಆಗಿದ್ದೂ ಅದೇ ಅಲ್ವಾ? ಯಾರು ಏನು ಮಾಡಬೇಕು ಅಂತ ಆ ವಾಕ್ಯದಲ್ಲಿ ಇರಲಿಲ್ಲ.

‘ಕೂಡಲೇ’ ತೆಗೆದುಹಾಕಿ. ಆರು ವಾರ ಆಗಿದೆ ಅನ್ನುತ್ತೀರಿ. ಮೊದಲ ದೂರಿನ ಇಮೇಲ್ ಹೊರಬಂದ ದಿನ ಆ ಒಂದು ಪದ ಇಡೀ ಹೇಳಿಕೆಯನ್ನು ಸುಳ್ಳು ಮಾಡುತ್ತದೆ. ದೂರು ಬಂದ ತಾರೀಕು, ಮಾರಾಟ ನಿಲ್ಲಿಸಿದ ತಾರೀಕು, ಎರಡನ್ನೂ ಹಾಕಿ.

‘ಸ್ವಯಂಪ್ರೇರಿತ’, ‘ಮುನ್ನೆಚ್ಚರಿಕೆಯಾಗಿ’ ಎರಡೂ ಓದುವವರ ಎಚ್ಚರ ಕಡಿಮೆ ಮಾಡುವ ಪದಗಳು. ಯುರೋಪಿಯನ್ ಒಕ್ಕೂಟದಲ್ಲಿ 2024ರ ಡಿಸೆಂಬರ್‌ನಿಂದ ಅನ್ವಯವಾಗುತ್ತಿರುವ ಉತ್ಪನ್ನ ಸುರಕ್ಷತೆಯ ನಿಯಮ ಇಂಥ ಪದಗಳನ್ನು ರೀಕಾಲ್ ಸೂಚನೆಯಲ್ಲಿ ಬಳಸಬಾರದು ಅನ್ನುತ್ತದೆ. ‘ಈವರೆಗೆ ಅಪಘಾತ ವರದಿಯಾಗಿಲ್ಲ’ ಅನ್ನುವುದನ್ನೂ ಅದೇ ಪಟ್ಟಿಗೆ ಸೇರಿಸಿದೆ.

ಇನ್ನು ಕ್ಷಮೆ. ಅದು ಎಲ್ಲ ಕಡೆ ತಪ್ಪೊಪ್ಪಿಗೆ ಅಲ್ಲ. ಇಂಗ್ಲೆಂಡಿನ 2006ರ ಕಾಯ್ದೆಯೊಂದು, ಕ್ಷಮೆ ಕೇಳಿದ ಮಾತ್ರಕ್ಕೆ ಅಜಾಗರೂಕತೆ ಒಪ್ಪಿದಂತಲ್ಲ ಅನ್ನುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅಪಘಾತದ ನಂತರದ ಸಹಾನುಭೂತಿಯ ಮಾತಿಗೆ ರಕ್ಷಣೆ ಇದೆ, ಅದರ ಜೊತೆ ಬಂದ ‘ತಪ್ಪು ನಮ್ಮದು’ ಎಂಬ ಮಾತಿಗೆ ಇಲ್ಲ. ಹಾಗಾಗಿ ‘ಕ್ಷಮೆ’ಗಿಂತ ಅದರ ಹಿಂದಿನ ‘ಗೆ’ ಪ್ರತ್ಯಯ ಮುಖ್ಯ. ‘ನಮ್ಮ ತಪ್ಪಿಗೆ’ ಬೇರೆ, ‘ನಿಮಗಾದ ತೊಂದರೆಗೆ’ ಬೇರೆ.

ಕೊನೆಗೆ ಭಾಷೆಗಿಂತ ಆಚೆಯದೊಂದು. ‘ಕೊರಿಯರ್‌ನಲ್ಲಿ ಕಳಿಸಿ’ ಅಂತ ಸೇರಿಸಬೇಡಿ. ಸುರಕ್ಷತೆಯ ಕಾರಣಕ್ಕೆ ವಾಪಸ್ ಪಡೆದ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಸಾಗಿಸುವಂತಿಲ್ಲ. ಮನೆಯ ಕಸಕ್ಕೂ ಹಾಕಬಾರದು.

– ಇಕ್ಬಾಲ್

ಎಲ್ಲರಿಗೂ ತುಂಬ ಧನ್ಯವಾದ. ನಾಗರತ್ನ ಅವರೇ, ನಾನು ಕೇಳಿದ್ದು ಅದಲ್ಲದಿದ್ದರೂ ‘ಹಿಂಪಡೆ’ ತೆಗೆದಿದ್ದೇನೆ. ಈಗಿನ ರೂಪ:

“ಮಾಡೆಲ್ ___, ಬ್ಯಾಚ್ ___ ಪವರ್ ಬ್ಯಾಂಕ್ ನಿಮ್ಮಲ್ಲಿದ್ದರೆ ದಯವಿಟ್ಟು ಅದನ್ನು ಬಳಸಬೇಡಿ, ಚಾರ್ಜ್ ಮಾಡಬೇಡಿ. ಈ ಬ್ಯಾಚಿನ ಎರಡು ಪವರ್ ಬ್ಯಾಂಕ್ ವಿಪರೀತ ಬಿಸಿಯಾಗಿ ಹೊರಕವಚ ಕರಗಿದೆ. ಇದರಿಂದ ಬೆಂಕಿಯ ಅಪಾಯವಿದೆ. ಕಾರಣವನ್ನು ಪತ್ತೆ ಮಾಡುತ್ತಿದ್ದೇವೆ. ಮೊದಲ ದೂರು ___ರಂದು ಬಂತು. ___ರಂದು ಮಾರಾಟ ನಿಲ್ಲಿಸಿದೆವು. ಬಟ್ಟೆ, ಕಾಗದದಿಂದ ದೂರ ಇಟ್ಟು ___ಕ್ಕೆ ಕರೆ ಮಾಡಿ. ಅದನ್ನು ನಾವೇ ಬಂದು ಒಯ್ಯುತ್ತೇವೆ, ಪೂರ್ತಿ ಹಣ ವಾಪಸ್ ಕೊಡುತ್ತೇವೆ. ನಿಮಗಾದ ತೊಂದರೆಗೆ ಕ್ಷಮೆ ಕೇಳುತ್ತೇವೆ.”

– ಶೈಲಜಾ

ಚೆನ್ನಾಗಿದೆ. ಆದರೂ ‘ಬೆಂಕಿಯ ಅಪಾಯವಿದೆ’ ನೇರ ಒಪ್ಪಿಗೆ ಆಗಲಿಲ್ಲವೇ? ನಾನಾಗಿದ್ದರೆ ‘ಇರಬಹುದು’ ಅನ್ನುತ್ತಿದ್ದೆ.

– ಗುರುರಾಜ

ಅದು ಒಪ್ಪಿಗೆಯೇ ಸರ್, ಇರಲಿ. ಅಪಾಯ ಇದೆ ಅನ್ನುವುದು ಬೇರೆ, ಅದು ನಮ್ಮ ತಪ್ಪಿನಿಂದ ಬಂತು ಅನ್ನುವುದು ಬೇರೆ. ಎಚ್ಚರಿಕೆಯನ್ನೇ ಮೆತ್ತಗೆ ಮಾಡಿ, ಆಮೇಲೆ ಯಾರಿಗಾದರೂ ಸುಟ್ಟರೆ ‘ಸಾಕಷ್ಟು ಎಚ್ಚರಿಸಲಿಲ್ಲ’ ಅಂತ ಹೊಸ ಮೊಕದ್ದಮೆ ನಾನೇ ಹಾಕುತ್ತೇನೆ. ಕ್ಷಮೆಯ ಸಾಲನ್ನು ಮಾತ್ರ ಕಂಪನಿಯ ವಕೀಲರಿಗೆ ತೋರಿಸಿ. ಎಲ್ಲೆಲ್ಲಿ ಮಾರಿದ್ದಾರೆ ಅನ್ನುವುದರ ಮೇಲೆ ಅದು ನಿಂತಿದೆ.

– ಇಕ್ಬಾಲ್